ಆಯುರ್ವೇದ ಪ್ರೊಪ್ರೈಟರಿ ಔಷಧಗಳು: ಲೈಸೆನ್ಸ್ ಏನು ಹೇಳುತ್ತದೆ, ಲೇಬಲ್‌ನಲ್ಲಿ ಏನಿರಬೇಕು, ‘ಸೇಫ್’ ಎಂಬ ಮಾತನ್ನು ಎಷ್ಟು ನಂಬಬಹುದು? (ಪದೇ ಪದೇ ಕೇಳುವ ಪ್ರಶ್ನೆಗಳು)

ಮೆಡಿಕಲ್ ಶಾಪ್‌ನಲ್ಲಿ, ಗ್ರಂಥಿಗೆ ಅಂಗಡಿಯಲ್ಲಿ, ಈಗೀಗ ಫೋನಿನಲ್ಲೇ ಸಿಗುವ ಶುಗರ್ ಮಾತ್ರೆ, ಮಂಡಿನೋವಿನ ಎಣ್ಣೆ, ಲಿವರ್ ಟಾನಿಕ್ ಇವುಗಳಲ್ಲಿ ಬಹುಪಾಲು ಒಂದೇ ಕಾನೂನಿನ ಕೆಳಗೆ ಬರುತ್ತವೆ. ಆ ಕಾನೂನು ಯಾವುದಕ್ಕೆ ಹೊಣೆ ಹೊರುತ್ತದೆ, ಯಾವುದಕ್ಕೆ ಹೊರುವುದಿಲ್ಲ ಎಂದು ತಿಳಿದರೆ ಡಬ್ಬಿ ಓದುವ ರೀತಿಯೇ ಬದಲಾಗುತ್ತದೆ. ಇಲ್ಲಿ ಭಾರತದಲ್ಲಿ ತಯಾರಾಗಿ ಮಾರಾಟವಾಗುವ ಆಯುರ್ವೇದ ಪ್ರೊಪ್ರೈಟರಿ ಔಷಧಗಳ ಬಗ್ಗೆ ಮಾತ್ರ ಬರೆದಿದ್ದೇನೆ. ಉದಾಹರಣೆಗೆ ಜನ ಅತಿ ಹೆಚ್ಚು ಕೇಳುವ ಶುಗರ್ ಮಾತ್ರೆಯನ್ನೇ ತೆಗೆದುಕೊಂಡಿದ್ದೇನೆ.

‘ಪ್ರೊಪ್ರೈಟರಿ’ ಎಂದರೆ ಏನು? ಚ್ಯವನಪ್ರಾಶ, ತ್ರಿಫಲಾ ಚೂರ್ಣ ಕೂಡ ಅದೇನಾ?

ಅಲ್ಲ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಆಯುರ್ವೇದ ಔಷಧಗಳನ್ನು ಎರಡು ಗುಂಪು ಮಾಡುತ್ತದೆ. ಮೊದಲನೆಯದು ಶಾಸ್ತ್ರೋಕ್ತ ಔಷಧ. ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಹಳೆಯ ಗ್ರಂಥಗಳ ಪಟ್ಟಿಯೊಂದಿದೆ. ಚರಕ ಸಂಹಿತೆ, ಭಾವಪ್ರಕಾಶ, ಶಾರ್ಙ್ಗಧರ ಸಂಹಿತೆ ಎಲ್ಲ ಅದರಲ್ಲಿವೆ. ಅಲ್ಲಿ ಬರೆದ ಸೂತ್ರವನ್ನು ಹಾಗೆಯೇ ಅನುಸರಿಸಿ ಮಾಡಿದ್ದು ಶಾಸ್ತ್ರೋಕ್ತ. ತ್ರಿಫಲಾ ಚೂರ್ಣ, ದಶಮೂಲಾರಿಷ್ಟ, ಚ್ಯವನಪ್ರಾಶ ಈ ಗುಂಪಿನವು. ಯಾವ ಕಂಪನಿ ಮಾಡಿದರೂ ಹೆಸರು ಅದೇ ಇರುತ್ತದೆ.

ಎರಡನೆಯದು ಪೇಟೆಂಟ್ ಅಥವಾ ಪ್ರೊಪ್ರೈಟರಿ ಔಷಧ. ಇಲ್ಲಿ ಒಂದೊಂದು ಪದಾರ್ಥವೂ ಆ ಗ್ರಂಥಗಳ ಸೂತ್ರಗಳಲ್ಲಿ ಎಲ್ಲಾದರೂ ಬಂದಿರಬೇಕು. ಆದರೆ ಅವನ್ನು ಯಾವ ಅಳತೆಯಲ್ಲಿ, ಹೇಗೆ ಸೇರಿಸಬೇಕು ಎನ್ನುವುದು ಕಂಪನಿಯ ಆಯ್ಕೆ. ಮಧುನಾಶಿನಿ ಆ ಗ್ರಂಥಗಳಲ್ಲಿದೆ, ಮೆಂತ್ಯವೂ ಇದೆ, ನೇರಳೆ ಬೀಜವೂ ಇದೆ. ಮೂರನ್ನೂ ಸೇರಿಸಿ ಮಾತ್ರೆ ಮಾಡಿ, ಬ್ರ್ಯಾಂಡ್ ಹೆಸರಿಟ್ಟರೆ ಅದು ಪ್ರೊಪ್ರೈಟರಿ. ಇಂಜೆಕ್ಷನ್ ಮೂಲಕ ಕೊಡುವ ಯಾವುದೂ ಈ ಗುಂಪಿಗೆ ಸೇರುವಂತಿಲ್ಲ.

ಇದರಿಂದ ಒಂದು ವಿಷಯ ಹೊರಡುತ್ತದೆ. ‘5000 ವರ್ಷಗಳ ಪರಂಪರೆ’ ಎಂಬ ಮಾತನ್ನು ಪ್ರೊಪ್ರೈಟರಿ ಮಾತ್ರೆಯ ಮೇಲೆ ಬರೆದರೆ ಅದು ಬಿಡಿ ಗಿಡಮೂಲಿಕೆಗಳಿಗೆ ಮಾತ್ರ ಹೊಂದೀತು. ಆ ಮಿಶ್ರಣ ಕೆಲವು ವರ್ಷಗಳ ಹಿಂದೆ ಕಂಪನಿಯವರೇ ರೂಪಿಸಿದ್ದು. ಅದನ್ನು ನಿಮ್ಮ ಅಜ್ಜಿ ತಿಂದಿಲ್ಲ, ಅವರ ಅಜ್ಜಿಯೂ ತಿಂದಿಲ್ಲ.

ಲೈಸೆನ್ಸ್ ಕೊಡುವವರು ಯಾರು? ಆಯುಷ್ ಸಚಿವಾಲಯವಾ?

ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ. ಲೈಸೆನ್ಸ್ ಕೊಡುವುದು ಕಾರ್ಖಾನೆ ಇರುವ ರಾಜ್ಯದ ಲೈಸೆನ್ಸಿಂಗ್ ಪ್ರಾಧಿಕಾರ. ಕರ್ನಾಟಕದಲ್ಲಿ ಕಾರ್ಖಾನೆ ಇದ್ದರೆ ರಾಜ್ಯದ ಆಯುಷ್ ಇಲಾಖೆಯ ಅಧಿಕಾರಿ, ಉತ್ತರಾಖಂಡದಲ್ಲಿದ್ದರೆ ಅಲ್ಲಿಯ ಅಧಿಕಾರಿ. ಕೇಂದ್ರದ ಆಯುಷ್ ಸಚಿವಾಲಯ ನಿಯಮ ಮಾಡುತ್ತದೆ, ಸಲಹೆ ಹೊರಡಿಸುತ್ತದೆ. ಯಾವ ಕಂಪನಿಗೂ, ಯಾವ ಉತ್ಪನ್ನಕ್ಕೂ ಅದು ಲೈಸೆನ್ಸ್ ಕೊಡುವುದಿಲ್ಲ, ಸರ್ಟಿಫೈ ಮಾಡುವುದೂ ಇಲ್ಲ. ‘ಆಯುಷ್ ಸಚಿವಾಲಯದಿಂದ ಅಪ್ರೂವ್ಡ್’ ಎಂದು ಜಾಹೀರಾತಿನಲ್ಲಿ ಕಂಡರೆ ಅಲ್ಲೇ ನಿಂತು ಯೋಚಿಸಿ.

ಇನ್ನೊಂದು ವಿಷಯ ಗೊತ್ತಿರಲಿ. ಅಲೋಪತಿ ಔಷಧ ಮಾರುವ ಅಂಗಡಿಗೆ ಮಾರಾಟದ ಲೈಸೆನ್ಸ್ ಬೇಕು, ಫಾರ್ಮಸಿಸ್ಟ್ ಬೇಕು. ಆಯುರ್ವೇದ ಔಷಧಕ್ಕೆ ತಯಾರಿಕೆಯ ಲೈಸೆನ್ಸ್ ಮಾತ್ರ ಕಡ್ಡಾಯ, ಮಾರಾಟದ ಲೈಸೆನ್ಸ್ ಇಲ್ಲ. ಅದಕ್ಕೇ ಅವು ದಿನಸಿ ಅಂಗಡಿಯಲ್ಲೂ, ಬಸ್ ಸ್ಟ್ಯಾಂಡಿನಲ್ಲೂ ಸಿಗುತ್ತವೆ. ಕೊಡುವವರಿಗೆ ಔಷಧದ ತಿಳಿವಳಿಕೆ ಇರಲೇಬೇಕು ಎಂಬ ಷರತ್ತು ಇಲ್ಲ. ಹೀಗಾಗಿ ಲೇಬಲ್ ಓದುವ ಹೊಣೆ ನಿಮ್ಮ ಮೇಲೆಯೇ ಜಾಸ್ತಿ ಬೀಳುತ್ತದೆ.

ಲೈಸೆನ್ಸ್ ಸಿಕ್ಕಿದೆ ಎಂದರೆ ಸರ್ಕಾರ ಆ ಮಾತ್ರೆಯನ್ನು ಪರೀಕ್ಷೆ ಮಾಡಿದೆ ಎಂದೇ ಅಲ್ವಾ?

ಇಲ್ಲ. ಇಡೀ ಪುಟದಲ್ಲಿ ನಾನು ಅತಿ ಮುಖ್ಯ ಎಂದು ಎಣಿಸುವ ಪ್ರಶ್ನೆ ಇದು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಂಪನಿ ಅರ್ಜಿ ಹಾಕುವಾಗ ಅಧಿಕಾರಿ ಎರಡು ಸಂಗತಿ ನೋಡುತ್ತಾರೆ. ಒಂದು, ಕಾರ್ಖಾನೆ. ಔಷಧ ನಿಯಮಗಳ ಷೆಡ್ಯೂಲ್ ಟಿ ಪ್ರಕಾರ ಕಚ್ಚಾ ಸರಕು ಇಡುವ ಜಾಗ, ಶುಚಿತ್ವ, ಯಂತ್ರ, ದಾಖಲೆ, ಅರ್ಹ ಸಿಬ್ಬಂದಿ ಸರಿಯಿದ್ದಾರೆಯೇ ಎಂಬುದು. ಇದಕ್ಕೆ ಸಿಗುವುದೇ ಜಿಎಂಪಿ ಸರ್ಟಿಫಿಕೇಟ್. ಎರಡು, ಉತ್ಪನ್ನದ ಕಾಗದಪತ್ರ. ಇದನ್ನು 2010ರಲ್ಲಿ ಬಂದ ನಿಯಮ 158-ಬಿ ವಿವರಿಸುತ್ತದೆ.

ಆ ನಿಯಮ ಪ್ರೊಪ್ರೈಟರಿ ಔಷಧದ ಬಗ್ಗೆ ಹೇಳುವುದು ಸರಳವಾಗಿ ಇಷ್ಟು. ಪದಾರ್ಥಗಳು ಗ್ರಂಥದಲ್ಲಿವೆ, ಯಾವ ತೊಂದರೆಗೆ ಕೊಡುತ್ತೇವೆ ಎನ್ನುವುದಕ್ಕೂ ಗ್ರಂಥದ ಆಧಾರವಿದೆ ಎಂದಾದರೆ ಪ್ರತ್ಯೇಕ ಸುರಕ್ಷತಾ ಅಧ್ಯಯನ ಕೇಳುವುದಿಲ್ಲ. ಪದಾರ್ಥಗಳ ಬಗ್ಗೆ ಪ್ರಕಟವಾದ ಬರಹಗಳನ್ನು ಕೊಡಬೇಕು, ಪರಿಣಾಮ ತೋರಿಸಲು ಒಂದು ಸಣ್ಣ ಪ್ರಾಥಮಿಕ ಅಧ್ಯಯನವನ್ನೂ ಕೊಡಬೇಕು. ಮಿಶ್ರಣದಲ್ಲಿ ವಿಷಪದಾರ್ಥಗಳ ಪಟ್ಟಿಗೆ ಸೇರಿದ ಏನಾದರೂ ಇದ್ದರೆ ಮಾತ್ರ ಸುರಕ್ಷತಾ ಅಧ್ಯಯನ ಬೇಕು. ಗಿಡದಿಂದ ಸಾರ ತೆಗೆಯಲು ನೀರಿನ ಬದಲು ಬೇರೆ ರಾಸಾಯನಿಕ ದ್ರಾವಕ ಬಳಸಿದ್ದರೂ ಕೇಳುವ ಪುರಾವೆ ಹೆಚ್ಚುತ್ತದೆ.

ಹೊಸ ಅಲೋಪತಿ ಔಷಧಕ್ಕೆ ಮೊದಲು ಪ್ರಾಣಿಗಳ ಮೇಲೆ, ಆಮೇಲೆ ಕೆಲವೇ ಜನರ ಮೇಲೆ, ಕೊನೆಗೆ ನೂರಾರು ಸಾವಿರಾರು ಜನರ ಮೇಲೆ ಹಂತಹಂತವಾಗಿ ಪರೀಕ್ಷೆ ನಡೆಯುತ್ತದೆ. ಇಲ್ಲಿ ಆ ದಾರಿಯಿಲ್ಲ. ಸಣ್ಣ ಅಧ್ಯಯನದಲ್ಲಿ ಕೆಲವೇ ಡಜನ್ ಜನರನ್ನು ಕೆಲವು ವಾರ ನೋಡಿದರೆ ಹೊಟ್ಟೆ ಕೆಡುತ್ತದೆಯೇ ಎಂದು ತಿಳಿದೀತು. ಐದು ಸಾವಿರದಲ್ಲಿ ಒಬ್ಬರ ಲಿವರ್ ಕೆಡುತ್ತದೆಯೇ ಎಂದು ಅದರಿಂದ ತಿಳಿಯಲು ಸಾಧ್ಯವೇ ಇಲ್ಲ.

ಆದ್ದರಿಂದ ಲೈಸೆನ್ಸ್ ನಂಬರ್‌ನ ಅರ್ಥ ಇಷ್ಟು: ಈ ಕಾರ್ಖಾನೆಗೆ ಅನುಮತಿ ಇದೆ, ಈ ಮಿಶ್ರಣದ ಪದಾರ್ಥಗಳು ಒಪ್ಪಿತ ಪಟ್ಟಿಯವು, ತೊಂದರೆಯಾದರೆ ಹೊಣೆ ಕೇಳಲು ಒಂದು ವಿಳಾಸ ಇದೆ. ಇದು ಸಣ್ಣ ವಿಷಯವಲ್ಲ. ಆದರೆ ‘ನಿಮ್ಮ ಕಾಯಿಲೆ ವಾಸಿಯಾಗುತ್ತದೆ’ ಎಂದಾಗಲಿ, ‘ನಿಮ್ಮ ಬಿಪಿ ಮಾತ್ರೆ ಜೊತೆ ತಿಂದರೂ ತೊಂದರೆಯಿಲ್ಲ’ ಎಂದಾಗಲಿ ಅದು ಹೇಳುವುದಿಲ್ಲ.

ಲೇಬಲ್‌ನಲ್ಲಿ ಏನೇನು ಇರಲೇಬೇಕು?

ಔಷಧ ನಿಯಮಗಳ 161ನೇ ನಿಯಮ ಇದನ್ನು ಹೇಳುತ್ತದೆ. ಔಷಧದ ಹೆಸರು, ‘ಆಯುರ್ವೇದ ಔಷಧ’ ಎಂಬ ಮಾತು, ಒಳಗಿರುವ ತೂಕ ಅಥವಾ ಮಾತ್ರೆಗಳ ಸಂಖ್ಯೆ, ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ನಂಬರ್, ತಯಾರಿಸಿದ ದಿನಾಂಕ, ತಯಾರಿಕೆಯ ಲೈಸೆನ್ಸ್ ನಂಬರ್ ಬೇಕು. ಲೈಸೆನ್ಸ್ ನಂಬರ್ ಮುಂದೆ ಸಾಮಾನ್ಯವಾಗಿ ‘ಎಂ.ಎಲ್.’ ಅಥವಾ ‘ಮ್ಯಾನ್ಯುಫ್ಯಾಕ್ಚರಿಂಗ್ ಲೈಸೆನ್ಸ್ ನಂಬರ್’ ಎಂದು ಇಂಗ್ಲಿಷಿನಲ್ಲಿ ಇರುತ್ತದೆ. ಮೈಗೆ ಹಚ್ಚುವುದಾದರೆ ‘ಹೊರಗಿನ ಬಳಕೆಗೆ ಮಾತ್ರ’ ಎಂದು ಬರೆದಿರಬೇಕು.

ಎಕ್ಸ್‌ಪೈರಿ ದಿನಾಂಕವೂ ಬೇಕು. ‘ಆಯುರ್ವೇದಕ್ಕೆ ಎಕ್ಸ್‌ಪೈರಿ ಇಲ್ಲ’ ಎಂದು ಹೇಳುವವರಿದ್ದಾರೆ. ನಿಯಮ 161-ಬಿ ಒಂದೊಂದು ಬಗೆಗೆ ಒಂದೊಂದು ಅವಧಿ ಇಟ್ಟಿದೆ. ಚೂರ್ಣಕ್ಕೆ 2 ವರ್ಷ, ಅರಿಷ್ಟ ಮತ್ತು ಆಸವಕ್ಕೆ 10 ವರ್ಷ. ಕೆಲವು ಭಸ್ಮಗಳಿಗೆ ಮಾತ್ರ ಅವಧಿ ಇಲ್ಲ. ಮಳೆಗಾಲದಲ್ಲಿ ಮುಚ್ಚಳ ಸಡಿಲವಿದ್ದ ಚೂರ್ಣ ಗಂಟುಗಟ್ಟಿ, ಮುಗ್ಗಲು ವಾಸನೆ ಬಂದರೆ ದಿನಾಂಕ ಬಾಕಿ ಇದ್ದರೂ ಬಿಸಾಡಿ.

ನನಗೆ ಮುಖ್ಯವಾಗಿ ಕಾಣುವುದು ಪದಾರ್ಥಗಳ ಪಟ್ಟಿ. ಗಿಡದ ಸಸ್ಯಶಾಸ್ತ್ರೀಯ ಹೆಸರು, ಅದರ ಯಾವ ಭಾಗ, ಯಾವ ರೂಪ, ಎಷ್ಟು ಪ್ರಮಾಣ, ಈ ನಾಲ್ಕೂ ಅಲ್ಲಿರಬೇಕು. ‘ಅಮೂಲ್ಯ ಗಿಡಮೂಲಿಕೆಗಳಿಂದ ತಯಾರಿಸಿದ್ದು’ ಎಂದಷ್ಟೇ ಬರೆದ ಡಬ್ಬಿಯನ್ನು ಕೆಳಗಿಡಿ.

ಸಸ್ಯಶಾಸ್ತ್ರೀಯ ಹೆಸರು, ಯಾವ ಭಾಗ ಎಂದೆಲ್ಲ ಯಾಕೆ? ‘ಅಶೋಕ’ ಎಂದರೆ ಸಾಕಲ್ವಾ?

ಸಾಲದು. ಅಶೋಕದ ಉದಾಹರಣೆಯೇ ನೋಡೋಣ. ಔಷಧಕ್ಕೆ ಬಳಸುವ ಅಶೋಕದ ಸಸ್ಯಶಾಸ್ತ್ರೀಯ ಹೆಸರು ಸರಾಕಾ ಅಸೋಕಾ, ಅದು ಕೆಂಪು-ಕಿತ್ತಳೆ ಹೂ ಬಿಡುವ ಮರ. ಅದರ ತೊಗಟೆಗೆ ಬೇಡಿಕೆ ಜಾಸ್ತಿ, ಪಶ್ಚಿಮ ಘಟ್ಟದಲ್ಲಿ ಮರಗಳು ಕಡಿಮೆ. ಬೆಂಗಳೂರಿನ ಕಾಂಪೌಂಡುಗಳ ಪಕ್ಕ ಕಂಬದ ಹಾಗೆ ನೆಟ್ಟಗೆ ಬೆಳೆಯುವ ಮರಕ್ಕೂ ಜನ ಅಶೋಕ ಎನ್ನುತ್ತಾರೆ. ಅದು ಪಾಲಿಯಾಲ್ಥಿಯಾ, ಸಂಬಂಧವೇ ಇಲ್ಲದ ಗಿಡ. ಅದರ ತೊಗಟೆ ಅಶೋಕದ ಹೆಸರಿನಲ್ಲಿ ಕಚ್ಚಾ ಸರಕಿನ ಮಾರುಕಟ್ಟೆಗೆ ಬರುವುದು ಹಳೇ ಸಮಸ್ಯೆ. ಲೇಬಲ್‌ನಲ್ಲಿ ಸಸ್ಯಶಾಸ್ತ್ರೀಯ ಹೆಸರಿದ್ದರೆ ಕಂಪನಿ ಒಂದು ನಿರ್ದಿಷ್ಟ ಗಿಡಕ್ಕೆ ಮಾತು ಕೊಟ್ಟ ಹಾಗೆ. ಲ್ಯಾಬಿನಲ್ಲಿ ಸುಳ್ಳು ಎಂದು ಗೊತ್ತಾದರೆ ಕ್ರಮ ಕೈಗೊಳ್ಳಬಹುದು.

ಭಾಗದ ವಿಷಯಕ್ಕೆ ಅಶ್ವಗಂಧ ಒಳ್ಳೆಯ ಉದಾಹರಣೆ. ಗ್ರಂಥಗಳಲ್ಲಿ ಮುಖ್ಯವಾಗಿ ಬರುವುದು ಬೇರು. ಎಲೆ ಅಗ್ಗ, ಅದರಲ್ಲೂ ವಿಥನೋಲೈಡ್ ಎಂಬ ಅಂಶ ಇದೆ. ಹಾಗಾಗಿ ಕೆಲವರು ಎಲೆಯನ್ನು ಬೆರೆಸಿ ಸಾರ ತೆಗೆಯುತ್ತಿದ್ದರು. ಎಲೆಯ ಸುರಕ್ಷತೆಗೆ ಸಾಕಷ್ಟು ಆಧಾರವಿಲ್ಲ ಎಂದು ಆಯುಷ್ ಸಚಿವಾಲಯ 2021ರಲ್ಲಿ ತಯಾರಕರಿಗೆ ಎಲೆ ಬಳಸಬೇಡಿ ಎಂದು ಸೂಚಿಸಿತು. ಆದ್ದರಿಂದ ಅಶ್ವಗಂಧ ಕೊಳ್ಳುವಾಗ ‘ಬೇರು’ ಎಂದು ಸ್ಪಷ್ಟವಾಗಿ ಬರೆದಿದೆಯೇ ನೋಡಿ.

ಒಂದು ಲೇಬಲ್ ಓದಿ ತೋರಿಸ್ತೀರಾ?

ಖಂಡಿತ. ಮಾರುಕಟ್ಟೆಯಲ್ಲಿ ಕಾಣುವಂಥ ಒಂದು ಶುಗರ್ ಮಾತ್ರೆಯ ಲೇಬಲ್ ಕಲ್ಪಿಸಿಕೊಳ್ಳೋಣ. ಯಾವ ಬ್ರ್ಯಾಂಡೂ ಅಲ್ಲ, ಲೆಕ್ಕ ತೋರಿಸಲು ನಾನೇ ಬರೆದದ್ದು. ಉದ್ದವಾಗದಿರಲಿ ಎಂದು ಸಸ್ಯಶಾಸ್ತ್ರೀಯ ಹೆಸರನ್ನು ಮೊದಲ ಗಿಡಕ್ಕೆ ಮಾತ್ರ ಹಾಕಿದ್ದೇನೆ.

‘500 ಮಿ.ಗ್ರಾಂ ತೂಕದ ಪ್ರತಿ ಮಾತ್ರೆಯಲ್ಲಿ: ಮಧುನಾಶಿನಿ, ಜಿಮ್ನೆಮಾ ಸಿಲ್ವೆಸ್ಟ್ರೆ, ಎಲೆ, ಸಾರ 10:1, 150 ಮಿ.ಗ್ರಾಂ. ನೇರಳೆ, ಬೀಜ, ಪುಡಿ, 100 ಮಿ.ಗ್ರಾಂ. ಮೆಂತ್ಯ, ಬೀಜ, ಪುಡಿ, 75 ಮಿ.ಗ್ರಾಂ. ಅಮೃತಬಳ್ಳಿ, ಕಾಂಡ, ಪುಡಿ, 75 ಮಿ.ಗ್ರಾಂ. ನೆಲ್ಲಿ, ಕಾಯಿ, ಪುಡಿ, 50 ಮಿ.ಗ್ರಾಂ. ಉಳಿದದ್ದು ಮಾತ್ರೆ ಕಟ್ಟಲು ಬಳಸಿದ ಅಂಟು ಇತ್ಯಾದಿ. ದಿನಕ್ಕೆ ಎರಡು ಸಲ, ಎರಡೆರಡು ಮಾತ್ರೆ.’

ಮೊದಲು ಕೂಡಿಸಿ. 150, 100, 75, 75, 50 ಸೇರಿದರೆ 450. ಬಾಕಿ 50 ಮಿ.ಗ್ರಾಂ ಅಂಟು, ಬಣ್ಣ ವಗೈರೆ. ಲೆಕ್ಕ ಕೂಡಿಬಂತು. ಕೆಲವು ಲೇಬಲ್‌ಗಳಲ್ಲಿ ಕೂಡಿಸಿದರೆ ಮಾತ್ರೆಯ ತೂಕಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಸಾರದ ಬದಲು ಮೂಲ ಗಿಡದ ತೂಕ ಬರೆದಿದ್ದರೆ ಹಾಗಾಗಬಹುದು. ಆದರೆ ಅದನ್ನು ಲೇಬಲ್ಲೇ ಹೇಳಬೇಕು. ಹೇಳದಿದ್ದರೆ ಕಂಪನಿಯ ಗ್ರಾಹಕ ಸಂಖ್ಯೆಗೆ ಫೋನ್ ಮಾಡಿ ಕೇಳಿ.

ಎರಡನೆಯದು, ‘ಪುಡಿ’ಗೂ ‘ಸಾರ’ಕ್ಕೂ ಇರುವ ವ್ಯತ್ಯಾಸ. 10:1 ಸಾರ ಎಂದರೆ 10 ಕೆಜಿ ಎಲೆಯಿಂದ 1 ಕೆಜಿ ಸಾರ ಬಂತು ಎಂದರ್ಥ. ಹಾಗಾದರೆ 150 ಮಿ.ಗ್ರಾಂ ಸಾರ ಒಂದೂವರೆ ಗ್ರಾಂ ಎಲೆಗೆ ಸಮ. ದಿನಕ್ಕೆ ನಾಲ್ಕು ಮಾತ್ರೆ ಎಂದರೆ 6 ಗ್ರಾಂ ಒಣ ಎಲೆ. ಇದು ಗಣನೀಯ ಪ್ರಮಾಣ. ಶುಗರ್ ಮೇಲೆ ಪರಿಣಾಮ ಬೀರುವ ಸಾಧ್ಯತೆ ಈ ಮಾತ್ರೆಯಲ್ಲಿ ಹೆಚ್ಚಾಗಿ ಇರುವುದು ಇಲ್ಲಿ.

ಮೆಂತ್ಯದ ಲೆಕ್ಕ ಬೇರೆ. 75 ಮಿ.ಗ್ರಾಂ ಅನ್ನು ನಾಲ್ಕರಿಂದ ಗುಣಿಸಿದರೆ ದಿನಕ್ಕೆ 300 ಮಿ.ಗ್ರಾಂ. ಮನೆಯಲ್ಲಿ ಒಂದು ಚಹಾ ಚಮಚ ಮೆಂತ್ಯ ಸುಮಾರು 4 ಗ್ರಾಂ ತೂಗುತ್ತದೆ. ಅಂದರೆ ನಾಲ್ಕು ಮಾತ್ರೆಯಲ್ಲಿರುವ ಮೆಂತ್ಯ ಒಂದು ಚಮಚದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಮೆಂತ್ಯದಿಂದ ಶುಗರ್ ಇಳಿಯುತ್ತದೆಯೇ ಎಂದು ನೋಡಿದ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಬಳಸಿದ್ದು ದಿನಕ್ಕೆ ಹಲವು ಗ್ರಾಂ. ‘ಅಧ್ಯಯನಗಳಲ್ಲಿ ಸಾಬೀತಾದ ಮೆಂತ್ಯ ಇದೆ’ ಎಂದು ಡಬ್ಬಿ ಹೇಳಿದರೆ ಆ ಅಧ್ಯಯನದ ಪ್ರಮಾಣ ಈ ಮಾತ್ರೆಯಲ್ಲಿಲ್ಲ. 20–30 ಪದಾರ್ಥಗಳ ಉದ್ದ ಪಟ್ಟಿ ಇರುವ ಮಾತ್ರೆಗಳಲ್ಲಿ ಈ ಸಮಸ್ಯೆ ಇನ್ನೂ ಜಾಸ್ತಿ. ಅರ್ಧ ಗ್ರಾಂ ಮಾತ್ರೆಯಲ್ಲಿ ಅಷ್ಟು ಜನಕ್ಕೆ ಜಾಗ ಎಲ್ಲಿಂದ ಬರಬೇಕು?

ಲೇಬಲ್‌ನಲ್ಲಿ ‘ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಿ’ ಎಂದು ಎಚ್ಚರಿಕೆ ಇದೆ. ಎಲ್ಲದರ ಮೇಲೂ ಹಾಗೇ ಹಾಕ್ತಾರಾ?

ಇದನ್ನು ಸುಮ್ನೆ ಹಾಕಿದ್ದು ಎಂದು ತಿಳಿಯಬೇಡಿ. ಷೆಡ್ಯೂಲ್ ಇ(1) ಎಂಬ ವಿಷಪದಾರ್ಥಗಳ ಪಟ್ಟಿ ಇದೆ. ವತ್ಸನಾಭಿ, ಉಮ್ಮತ್ತಿ, ಗುಲಗಂಜಿ, ಕಾಸರಕ, ಪಾದರಸ, ಹರಿತಾಳ ಎಲ್ಲ ಅದರಲ್ಲಿವೆ. ಇವುಗಳಲ್ಲಿ ಯಾವುದಾದರೂ ಇದ್ದರೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ‘ಎಚ್ಚರಿಕೆ’ ಎಂದು ಹಾಕಿ, ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕು ಎಂದು ಬರೆಯುವುದು ಕಡ್ಡಾಯ. ಗ್ರಂಥಗಳೇ ಇವನ್ನು ಶೋಧನೆ ಮಾಡದೆ, ಅಂದರೆ ವಿಷ ತಗ್ಗಿಸುವ ಹಾಗೆ ಶುದ್ಧಿ ಮಾಡದೆ, ಬಳಸಬಾರದು ಎನ್ನುತ್ತವೆ. ಶೋಧನೆ ಅರೆಬರೆಯಾದ ವತ್ಸನಾಭಿ ನೇರವಾಗಿ ಹೃದಯದ ಬಡಿತ ತಪ್ಪಿಸುತ್ತದೆ. ಎಚ್ಚರಿಕೆ ಕನ್ನಡದಲ್ಲಿ ಇರಲೇಬೇಕೆಂಬ ನಿಯಮ ಇಲ್ಲದಿರುವುದು ನನಗೆ ಬೇಸರದ ಸಂಗತಿ. ಮನೆಯ ಹಿರಿಯರಿಗೆ ಅದನ್ನು ನೀವೇ ಓದಿ ಹೇಳಿ.

ಡಬ್ಬಿ ಮೇಲೆ ಲೈಸೆನ್ಸ್ ನಂಬರ್ ಇಲ್ಲ, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆ. ಅದೂ ಆಯುರ್ವೇದವೇ?

ಅದು ಆಹಾರ. ಎಫ್‌ಎಸ್‌ಎಸ್‌ಎಐ ಎಂದರೆ ಆಹಾರ ಸುರಕ್ಷತಾ ಪ್ರಾಧಿಕಾರ. ಅಲ್ಲಿ ನ್ಯೂಟ್ರಾಸ್ಯುಟಿಕಲ್ ಎಂಬ ಗುಂಪಿದೆ, 2022ರಿಂದ ‘ಆಯುರ್ವೇದ ಆಹಾರ’ ಎಂಬ ಇನ್ನೊಂದು ಗುಂಪೂ ಇದೆ. ಅದೇ ಗಿಡಮೂಲಿಕೆ, ಅದೇ ಥರದ ಡಬ್ಬಿ, ಅದೇ ಕ್ಯಾಪ್ಸೂಲ್ ಇರಬಹುದು. ಆದರೆ ಆಹಾರದ ನಂಬರ್ ಇಟ್ಟುಕೊಂಡು ಕಾಯಿಲೆ ವಾಸಿ ಮಾಡುತ್ತೇವೆ ಎಂದು ಹೇಳುವಂತಿಲ್ಲ. ಆನ್‌ಲೈನ್‌ನಲ್ಲಿ ಮುಂದಿನ ಫೋಟೋ ಮಾತ್ರ ಹಾಕಿರುತ್ತಾರೆ. ಹಿಂಬದಿಯ ಫೋಟೋ ಇಲ್ಲದಿದ್ದರೆ ಕೊಳ್ಳುವ ಮುಂಚೆ ಕೇಳಿ.

ಜಿಎಂಪಿ, ಐಎಸ್‌ಒ, ಆಯುಷ್ ಮಾರ್ಕ್ ಇದ್ದರೆ?

ಜಿಎಂಪಿ ಮತ್ತು ಐಎಸ್‌ಒ ಕಾರ್ಖಾನೆಯ ಕ್ರಮದ ಬಗ್ಗೆ ಹೇಳುತ್ತವೆ, ಔಷಧದ ಗುಣದ ಬಗ್ಗೆ ಅಲ್ಲ. ಭಾರತೀಯ ಗುಣಮಟ್ಟ ಮಂಡಳಿಯ ಯೋಜನೆಯಲ್ಲಿ ಸಿಗುವ ಆಯುಷ್ ಸ್ಟ್ಯಾಂಡರ್ಡ್ ಮತ್ತು ಆಯುಷ್ ಪ್ರೀಮಿಯಂ ಮಾರ್ಕ್‌ಗೆ ಕಂಪನಿ ತಾನಾಗಿ ಹೋಗಿ ಹೊರಗಿನವರಿಂದ ತಪಾಸಣೆ ಮಾಡಿಸಿಕೊಳ್ಳುತ್ತದೆ. ಇದ್ದರೆ ಒಳ್ಳೆಯದೇ. ಅದೂ ಗುಣಮಟ್ಟದ ಗುರುತು, ಕಾಯಿಲೆ ವಾಸಿಯಾಗುವ ಗ್ಯಾರಂಟಿ ಅಲ್ಲ.

‘ಶುಗರ್ ಬುಡಸಮೇತ ವಾಸಿ’ ಎಂದು ಜಾಹೀರಾತು ಕೊಡಬಹುದಾ?

ಕೊಡುವಂತಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಅನುಸೂಚಿಯಲ್ಲಿ ಕಾಯಿಲೆಗಳ ಪಟ್ಟಿ ಇದೆ. ಶುಗರ್, ಕ್ಯಾನ್ಸರ್, ಬಿಪಿ, ಹೃದಯದ ಕಾಯಿಲೆ, ಮೂರ್ಛೆ, ಬೊಜ್ಜು, ಪಾರ್ಶ್ವವಾಯು, ಮೂತ್ರಪಿಂಡದ ಕಲ್ಲು, ತೊನ್ನು ಎಲ್ಲ ಅದರಲ್ಲಿವೆ. ಎತ್ತರ ಬೆಳೆಸುತ್ತೇವೆ ಎನ್ನುವುದೂ ಇದೆ. ಇವನ್ನು ವಾಸಿ ಮಾಡುತ್ತೇವೆ, ತಡೆಯುತ್ತೇವೆ ಎಂದು ಸಾರ್ವಜನಿಕರಿಗೆ ಜಾಹೀರಾತು ಕೊಡುವುದು ಅಪರಾಧ. ಅಲೋಪತಿ, ಆಯುರ್ವೇದ ಎಂಬ ಭೇದವಿಲ್ಲ.

ಜಾಹೀರಾತಿಗೆ ಮುಂಚೆಯೇ ರಾಜ್ಯದ ಅಧಿಕಾರಿಯ ಒಪ್ಪಿಗೆ ಬೇಕು ಎಂಬ ನಿಯಮ 170 ಕೂಡ 2018ರಲ್ಲಿ ಬಂದಿತ್ತು. ಕೇಂದ್ರ ಸರ್ಕಾರ 2024ರ ಜುಲೈನಲ್ಲಿ ಅದನ್ನು ತೆಗೆದುಹಾಕಿತು. ಸುಪ್ರೀಂ ಕೋರ್ಟ್ ಮರುತಿಂಗಳೇ ಅದಕ್ಕೆ ತಡೆ ಕೊಟ್ಟಿತು, 2025ರಲ್ಲಿ ಆ ತಡೆಯೂ ತೆರವಾಯಿತು. 1954ರ ಕಾಯ್ದೆ ಮಾತ್ರ ಹಾಗೆಯೇ ನಿಂತಿದೆ. ಕಂಪನಿಗಳು ಅದರಿಂದ ನುಣುಚಿಕೊಳ್ಳಲು ‘ಸಕ್ಕರೆ ಮಟ್ಟವನ್ನು ಬೆಂಬಲಿಸುತ್ತದೆ’, ‘ಆರೋಗ್ಯಕರ ಲಿವರ್‌ಗಾಗಿ’ ಎಂಬಂಥ ಮಾತು ಆರಿಸುತ್ತವೆ. ಓದುವವರ ತಲೆಯಲ್ಲಿ ಅದು ‘ಶುಗರ್ ವಾಸಿ’ ಎಂದೇ ಕೂರುತ್ತದೆ. ನನ್ನ ಪ್ರಕಾರ ಜನ ಮೋಸ ಹೋಗುವುದು ಹಸಿ ಸುಳ್ಳಿಗಿಂತ ಇಂಥ ಮಾತಿನಲ್ಲೇ ಜಾಸ್ತಿ.

ಗಿಡಮೂಲಿಕೆ ತಾನೇ, ಸೈಡ್ ಎಫೆಕ್ಟ್ ಇರಲ್ಲ ಅಂತಾರೆ. ಎಷ್ಟು ನಿಜ?

ನೂರಾರು ವರ್ಷಗಳ ಬಳಕೆ ಕೆಲವು ಅಪಾಯಗಳನ್ನು ಚೆನ್ನಾಗಿಯೇ ತೋರಿಸಿಕೊಡುತ್ತದೆ. ತಿಂದ ತಕ್ಷಣ ವಾಂತಿ, ಭೇದಿ, ಮೈ ಕೆರೆತ ಬಂದರೆ ಜನಕ್ಕೆ ಗೊತ್ತಾಗುತ್ತದೆ, ಆ ಗಿಡವನ್ನು ಬಿಡುತ್ತಾರೆ. ತಿಂದು ಹತ್ತು ವರ್ಷದ ಮೇಲೆ ಬರುವ ತೊಂದರೆಯನ್ನು ಆ ಗಿಡಕ್ಕೆ ಜೋಡಿಸಲು ಯಾವ ಹಳ್ಳಿ ವೈದ್ಯರಿಗೂ ಆಗುವುದಿಲ್ಲ.

ನಮ್ಮಲ್ಲಿ ಈಶ್ವರಿ ಬಳ್ಳಿ ಎನ್ನುವ ಗಿಡದ ಕುಲ ಅರಿಸ್ಟಲೋಕಿಯಾ. ಈ ಕುಲದ ಗಿಡಗಳನ್ನು ಹಲವು ದೇಶಗಳಲ್ಲಿ ಶತಮಾನಗಳಿಂದ ಔಷಧಕ್ಕೆ ಬಳಸಿದ್ದಾರೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಗಿಡಮೂಲಿಕೆ ತಿಂದ ಮಹಿಳೆಯರ ಮೂತ್ರಪಿಂಡಗಳು ಒಬ್ಬೊಬ್ಬರದಾಗಿ ಕೆಟ್ಟವು. ಅಂಥವರ ಸಂಖ್ಯೆ ನೂರು ದಾಟಿತು. ಹುಡುಕಿದಾಗ ಒಂದು ಗಿಡದ ಬದಲು ಅರಿಸ್ಟಲೋಕಿಯಾ ಬೆರೆತಿತ್ತು. ಅದರಲ್ಲಿರುವ ಆಮ್ಲ ಮೂತ್ರಪಿಂಡವನ್ನು ಹಾಳು ಮಾಡುತ್ತದೆ, ವರ್ಷಗಳ ನಂತರ ಮೂತ್ರನಾಳದಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಆಮೇಲೆ ಸ್ಪಷ್ಟವಾಯಿತು. ಪರಂಪರೆಗೆ ಅದು ಕಂಡಿರಲಿಲ್ಲ, ಏಕೆಂದರೆ ಕಾಣುವ ವಿಧಾನವೇ ಇರಲಿಲ್ಲ.

ನಮ್ಮ ದಿನನಿತ್ಯದ ಗಿಡಗಳಲ್ಲೂ ಎಚ್ಚರ ಬೇಕು. ಅಮೃತಬಳ್ಳಿ ಮತ್ತು ಅಶ್ವಗಂಧ ತಿಂದವರಲ್ಲಿ ಅಪರೂಪಕ್ಕೆ ಲಿವರ್ ಉರಿಯೂತ ಬಂದ ವರದಿಗಳಿವೆ. ಅಮೃತಬಳ್ಳಿಯ ಬಗ್ಗೆ ಮುಂಬೈ ವೈದ್ಯರು ಪ್ರಕಟಿಸಿದ ವರದಿಯನ್ನು ಆಯುಷ್ ಸಚಿವಾಲಯ ಒಪ್ಪಲಿಲ್ಲ, ಗಿಡವನ್ನು ಸರಿಯಾಗಿ ಗುರುತಿಸಿಲ್ಲ ಎಂದು ಆಕ್ಷೇಪಿಸಿತು. ಚರ್ಚೆ ಹೇಗೇ ಇರಲಿ, ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಊಟ ಸೇರದೆ ಮೈಯೆಲ್ಲ ತುರಿಸಿದರೆ ಮಾತ್ರೆ ನಿಲ್ಲಿಸಿ, ಅದೇ ದಿನ ವೈದ್ಯರ ಹತ್ತಿರ ಹೋಗಿ. ಡಬ್ಬಿಯನ್ನೂ ತೆಗೆದುಕೊಂಡು ಹೋಗಿ.

ನಾನು ಈಗಾಗಲೇ ಶುಗರ್‌ಗೆ ಅಲೋಪತಿ ಮಾತ್ರೆ ತಗೋತಿದ್ದೀನಿ. ಜೊತೆಗೆ ಇದನ್ನೂ ತಗೋಬಹುದಾ?

ವೈದ್ಯರಿಗೆ ಹೇಳದೆ ಬೇಡ. ಮೇಲಿನ ಮಾತ್ರೆಯಲ್ಲಿ ಮಧುನಾಶಿನಿ ನಿಜವಾಗಿ ಕೆಲಸ ಮಾಡಿತು ಎಂದೇ ಇಟ್ಟುಕೊಳ್ಳಿ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಜೊತೆ ಸೇರಿದರೆ ಶುಗರ್ ತೀರಾ ಇಳಿಯಬಹುದು. ಬೆವರು, ಕೈನಡುಕ, ಎದೆಬಡಿತ, ಮಂಕು ಕವಿದ ಹಾಗೆ ಆಗುವುದು ಅದರ ಲಕ್ಷಣ. ಗ್ಲುಕೋಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ಬಂದರೆ ತಕ್ಷಣ ಸಕ್ಕರೆ ನೀರು ಕುಡಿಯಬೇಕು. ಕೆಲಸ ಮಾಡಲಿಲ್ಲ ಎಂದುಕೊಂಡರೆ ಇನ್ನೊಂದು ಅಪಾಯ. ಇದನ್ನು ನಂಬಿ ಇನ್ಸುಲಿನ್ ಬಿಟ್ಟವರು ಕೆಲವೇ ದಿನದಲ್ಲಿ ಐಸಿಯು ಸೇರುವಷ್ಟು ಕೆಡಬಹುದು. ಟೈಪ್ 1 ಶುಗರ್ ಇರುವ ಮಕ್ಕಳ ವಿಷಯದಲ್ಲಿ ಈ ಮಾತನ್ನು ನಾನು ಕೈಮುಗಿದು ಹೇಳುತ್ತೇನೆ: ಇನ್ಸುಲಿನ್ ಬಿಡಬೇಡಿ.

ಬಿಪಿ ಇರುವವರು ಜ್ಯೇಷ್ಠಮಧುವನ್ನು ಗಮನಿಸಿ. ಕೆಮ್ಮಿನ ಸಿರಪ್‌ಗಳಲ್ಲಿ, ಹೊಟ್ಟೆಹುಣ್ಣಿನ ಔಷಧಗಳಲ್ಲಿ ಅದು ಇರುತ್ತದೆ. ವಾರಗಟ್ಟಲೆ ಹೆಚ್ಚು ತಿಂದರೆ ಪೊಟ್ಯಾಸಿಯಂ ಇಳಿಸಿ ಬಿಪಿ ಏರಿಸುತ್ತದೆ. ಗರ್ಭಿಣಿಯರು, ಹಾಲೂಡಿಸುವವರು, ಆಪರೇಷನ್‌ಗೆ ದಿನ ಗೊತ್ತುಮಾಡಿಕೊಂಡವರು ತಿನ್ನುವುದನ್ನೆಲ್ಲ ವೈದ್ಯರಿಗೆ ಹೇಳಲೇಬೇಕು. ‘ಆಯುರ್ವೇದ ಎಂದರೆ ಬೈತಾರೆ’ ಎಂದು ಮುಚ್ಚಿಡುವವರು ತುಂಬಾ. ಬೈದರೂ ಹೇಳಿ.

ಸೀಸ, ಪಾದರಸ ಇರುತ್ತೆ ಅಂತಾರಲ್ಲ?

ಇದಕ್ಕೆ ಎರಡು ಬೇರೆ ಕಾರಣ ಇವೆ. ರಸೌಷಧಗಳಲ್ಲಿ ಲೋಹವನ್ನು ಸೂತ್ರದ ಪ್ರಕಾರವೇ ಸೇರಿಸುತ್ತಾರೆ, ಲೇಬಲ್‌ನಲ್ಲೂ ಬರೆದಿರುತ್ತದೆ. ಭಸ್ಮ, ರಸ, ಸಿಂಧೂರ ಎಂಬ ಹೆಸರು ಕಂಡರೆ ವೈದ್ಯರ ಚೀಟಿ ಇಲ್ಲದೆ ಕೊಳ್ಳಬೇಡಿ. ಇನ್ನೊಂದು, ಬರೀ ಗಿಡಮೂಲಿಕೆಯ ಔಷಧದಲ್ಲಿ ಮಣ್ಣಿನಿಂದ, ನೀರಿನಿಂದ, ಯಂತ್ರದಿಂದ ಸೇರುವ ಲೋಹ. ಆಯುರ್ವೇದ ಫಾರ್ಮಕೋಪಿಯಾ ಇದಕ್ಕೆ ಮಿತಿ ಹಾಕಿದೆ: ಹತ್ತು ಲಕ್ಷ ಭಾಗದಲ್ಲಿ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಭಾಗ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತಲಿನ ಅಂಗಡಿಗಳಲ್ಲಿ ಕೊಂಡ ದಕ್ಷಿಣ ಏಷ್ಯಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಗಿಡಮೂಲಿಕೆಯ ರಫ್ತು ಸರಕಿಗೆ 2006ರಿಂದ ಲೋಹ ಪರೀಕ್ಷೆ ಕಡ್ಡಾಯವಾಗಿದೆ. ನಿಮ್ಮ ಬ್ಯಾಚ್‌ನ ಪರೀಕ್ಷಾ ವರದಿ ಕೊಡಿ ಎಂದು ಕಂಪನಿಗೆ ಮೇಲ್ ಮಾಡಿ ನೋಡಿ. ಒಳ್ಳೆಯ ಕಂಪನಿ ಉತ್ತರಿಸುತ್ತದೆ.

ಮಂಡಿನೋವು ಎರಡೇ ದಿನದಲ್ಲಿ ಮಾಯವಾಯಿತು. ಇಷ್ಟು ಬೇಗ ಕೆಲಸ ಮಾಡುತ್ತಾ?

ನನಗೆ ಅನುಮಾನ ಬರುವುದು ಇಲ್ಲೇ. ಲೇಬಲ್‌ನಲ್ಲಿ ಬರೆಯದೆ ಸ್ಟೀರಾಯ್ಡ್ ಅಥವಾ ನೋವಿನ ಮಾತ್ರೆಯ ಪುಡಿ ಬೆರೆಸುವುದು ಸಾಮಾನ್ಯ ಕಲಬೆರಕೆ. ಶುಗರ್ ಪುಡಿಗೆ ಅಲೋಪತಿ ಶುಗರ್ ಮಾತ್ರೆ, ‘ಶಕ್ತಿ’ ಕ್ಯಾಪ್ಸೂಲ್‌ಗೆ ವಯಾಗ್ರದಲ್ಲಿರುವ ಸಿಲ್ಡೆನಾಫಿಲ್ ಬೆರೆಸಿದ್ದೂ ಪತ್ತೆಯಾಗಿದೆ. ಇದು ಪೂರ್ತಿ ಕಾನೂನುಬಾಹಿರ. ಲೇಬಲ್ ಇಲ್ಲದ ಪೊಟ್ಟಣದಲ್ಲಿ ಈ ಅಪಾಯ ಅತಿ ಹೆಚ್ಚು.

ಸ್ಟೀರಾಯ್ಡ್ ಆದರೆ ಕೆಲವು ವಾರದಲ್ಲಿ ಮುಖ ಊದಿ ದುಂಡಗಾಗುತ್ತದೆ, ಹಸಿವು ಜಾಸ್ತಿಯಾಗುತ್ತದೆ, ಶುಗರ್ ಮತ್ತು ಬಿಪಿ ಏರುತ್ತವೆ. ಒಂದು ದಿನ ಬಿಟ್ಟರೆ ನೋವು ದುಪ್ಪಟ್ಟಾಗುತ್ತದೆ. ಹೀಗಾದರೆ ಭಯಪಟ್ಟು ಒಮ್ಮೆಲೇ ನಿಲ್ಲಿಸಬೇಡಿ. ತಿಂಗಳುಗಟ್ಟಲೆ ಸ್ಟೀರಾಯ್ಡ್ ತಿಂದ ದೇಹ ತನ್ನದೇ ಹಾರ್ಮೋನ್ ಮಾಡುವುದನ್ನು ಮರೆತಿರುತ್ತದೆ. ದಿಢೀರ್ ನಿಲ್ಲಿಸಿದರೆ ಬಿಪಿ ಕುಸಿಯಬಹುದು. ಪುಡಿಯ ಸಮೇತ ಆಸ್ಪತ್ರೆಗೆ ಹೋಗಿ, ಅವರು ಹಂತಹಂತವಾಗಿ ಇಳಿಸುತ್ತಾರೆ.

ಅಮೆರಿಕದಲ್ಲಿರುವ ಮಗನಿಗೆ ಕಳಿಸಬಹುದಾ?

ಅಲ್ಲಿ ಇಂಥವು ಡಯಟರಿ ಸಪ್ಲಿಮೆಂಟ್ ಆಗಿ ಮಾರಾಟವಾಗುತ್ತವೆ. ಅಲ್ಲಿಯ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಮಾರುಕಟ್ಟೆಗೆ ಬರುವ ಮುಂಚೆ ಅವಕ್ಕೆ ಒಪ್ಪಿಗೆ ಕೊಡುವ ಪದ್ಧತಿ ಇಲ್ಲ. ‘ಎಫ್‌ಡಿಎ ಅಪ್ರೂವ್ಡ್ ಆಯುರ್ವೇದ ಮಾತ್ರೆ’ ಎಂಬುದು ಸುಳ್ಳು. ಬ್ರಿಟನ್‌ನಲ್ಲಿ ಟಿಎಚ್‌ಆರ್ ಎಂಬ ನೋಂದಣಿ ಗುರುತು ನೋಡಬೇಕು, ಅದು ಕೂಡ ಸಣ್ಣಪುಟ್ಟ ತೊಂದರೆಗಳಿಗೆ ಮಾತ್ರ. ಭಸ್ಮ ಇರುವ ಔಷಧವನ್ನು ಯಾರ ಸೂಟ್‌ಕೇಸಿನಲ್ಲೂ ಹಾಕಿ ಕಳಿಸಬೇಡಿ.

ತೊಂದರೆಯಾದರೆ ಯಾರಿಗೆ ಹೇಳುವುದು?

ಮೊದಲು ಡಬ್ಬಿ, ಉಳಿದ ಮಾತ್ರೆ, ಬಿಲ್ಲು ಮೂರನ್ನೂ ಇಟ್ಟುಕೊಳ್ಳಿ. ಬ್ಯಾಚ್ ನಂಬರ್ ಕಾಣುವ ಹಾಗೆ ಫೋಟೋ ತೆಗೆಯಿರಿ. ಬ್ಯಾಚ್ ನಂಬರ್ ಇಲ್ಲದ ದೂರಿನಿಂದ ಅಧಿಕಾರಿ ಏನೂ ಹುಡುಕಲಾರರು. ಔಷಧ ಶುರುಮಾಡಿದ ದಿನ, ತೊಂದರೆ ಕಂಡ ದಿನ, ಜೊತೆಗೆ ತಿನ್ನುತ್ತಿದ್ದ ಬೇರೆ ಮಾತ್ರೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ.

ಆಯುಷ್ ಔಷಧಗಳ ಅಡ್ಡಪರಿಣಾಮ ದಾಖಲಿಸಲು ರಾಷ್ಟ್ರೀಯ ಫಾರ್ಮಕೋವಿಜಿಲೆನ್ಸ್ ಯೋಜನೆ ಇದೆ. ಅದರ ಸಮನ್ವಯ ಕೇಂದ್ರ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆ. ದೇಶದ ಹಲವು ಆಯುರ್ವೇದ ಕಾಲೇಜು ಆಸ್ಪತ್ರೆಗಳಲ್ಲಿ ಅದರ ಕೇಂದ್ರಗಳಿವೆ. ‘ಆಯುಷ್ ಸುರಕ್ಷಾ’ ಎಂಬ ಪೋರ್ಟಲ್ ಮೂಲಕವೂ ವರದಿ, ದೂರು ಕೊಡಬಹುದು. ಕಲಬೆರಕೆಯ ಅನುಮಾನವಿದ್ದರೆ ಕಾರ್ಖಾನೆ ಇರುವ ರಾಜ್ಯದ ಲೈಸೆನ್ಸಿಂಗ್ ಪ್ರಾಧಿಕಾರಕ್ಕೆ ಬರೆಯಿರಿ, ಪ್ರತಿಯನ್ನು ನಿಮ್ಮ ಜಿಲ್ಲಾ ಆಯುಷ್ ಅಧಿಕಾರಿಗೂ ಕೊಡಿ. ಹಣದ ಮೋಸವಾದರೆ ಗ್ರಾಹಕ ಸಹಾಯವಾಣಿ 1915. ಔಷಧದಿಂದಲೇ ಆಯಿತೆಂದು ಖಚಿತವಿಲ್ಲದಿದ್ದರೂ ವರದಿ ಕೊಡಬಹುದು. ಖಚಿತಪಡಿಸುವುದು ಅವರ ಕೆಲಸ. ಒಂದೇ ಬ್ಯಾಚ್‌ನ ಬಗ್ಗೆ ಬೇರೆ ಬೇರೆ ಊರಿನಿಂದ ಎರಡು ಮೂರು ವರದಿ ಬಂದರೆ ಅವರಿಗೆ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಲು ಕಾರಣ ಸಿಗುತ್ತದೆ.